ರಾತ್ರಿ ಬೆಕ್ಕಿನ ಓಟ

> ನಮ್ಮ 2 ವರ್ಷದ ಬೆಕ್ಕು ರಾತ್ರಿ 11ರ ಮೇಲೆ ಇದ್ದಕ್ಕಿದ್ದಂತೆ ಕಣ್ಣರಳಿಸಿಕೊಂಡು ಮನೆ ತುಂಬಾ ಓಡುತ್ತೆ. ಕಾಯಿಲೆನಾ?

ಐದು-ಹತ್ತು ನಿಮಿಷ ಓಡಿ, ಆಮೇಲೆ ಮೈ ನೆಕ್ಕಿಕೊಂಡು ಮಲಗಿದರೆ ಕಾಯಿಲೆಯಲ್ಲ. ಹಗಲೆಲ್ಲ ನಿದ್ದೆ ಮಾಡಿದ ಬೆಕ್ಕಿಗೆ ಬೇಟೆಯ ಹುರುಪು ಏರುವುದೇ ಮುಸ್ಸಂಜೆ ಮತ್ತು ನಸುಕಿನಲ್ಲಿ. ಬೇಟೆ ಸಿಗದಿದ್ದರೆ ಆ ಶಕ್ತಿಯೆಲ್ಲ ಓಟದಲ್ಲಿ ಖರ್ಚಾಗುತ್ತದೆ. ಕತ್ತಲಿಗೂ ಉದ್ವೇಗಕ್ಕೂ ಪಾಪೆ ಹಿಗ್ಗುವುದರಿಂದ ಕಣ್ಣು ಪೂರ್ತಿ ಕಪ್ಪಾಗಿ ಕಾಣುತ್ತದೆ.

ಮಲಗುವ ಅರ್ಧ ಗಂಟೆ ಮೊದಲು ಕೋಲಿಗೆ ದಾರ ಕಟ್ಟಿ, ತುದಿಗೆ ಬಟ್ಟೆಯ ತುಂಡು ಕಟ್ಟಿ, 10-15 ನಿಮಿಷ ಆಡಿಸಿ. ಬಟ್ಟೆಯನ್ನು ಬೆಕ್ಕಿನಿಂದ ದೂರಕ್ಕೆ ಎಳೆಯಿರಿ, ಸೋಫಾದ ಮರೆಗೆ ನುಗ್ಗಿಸಿ. ಇಲಿ ಹಾಗೇ ಓಡುವುದು. ಕೊನೆಯಲ್ಲಿ ಹಿಡಿಯಲು ಬಿಡಲೇಬೇಕು, ಇಲ್ಲದಿದ್ದರೆ ಕೆರಳಿದ ಹುರುಪು ಹಾಗೇ ಉಳಿಯುತ್ತದೆ. ಕೂಡಲೇ ರಾತ್ರಿಯ ಊಟ ಹಾಕಿ. ತಿಂದ ಬೆಕ್ಕು ಮಲಗುತ್ತದೆ. ದಾರ ನುಂಗಿದರೆ ಕರುಳಿಗೆ ಅಪಾಯ, ಆಟ ಮುಗಿದ ಮೇಲೆ ಎತ್ತಿಡಿ. ನಡುರಾತ್ರಿ ಓಡಿತೆಂದು ಎದ್ದು ತಿಂಡಿ ಕೊಡಬೇಡಿ, ಅದನ್ನೇ ರೂಢಿ ಮಾಡಿಕೊಳ್ಳುತ್ತದೆ.

ಒಂದು ಪರೀಕ್ಷೆ ಮಾಡಿ: ಶಾಂತವಾಗಿದ್ದಾಗ ಕಿಟಕಿಯ ಬೆಳಕಿನಲ್ಲಿ ಪಾಪೆ ಸಣ್ಣ ಗೆರೆಯಾಗಬೇಕು. ಆಗದಿದ್ದರೆ, ಅಥವಾ ಓಡುವಾಗ ಬೆನ್ನಿನ ಚರ್ಮ ಅಲೆಯಂತೆ ನಡುಗಿ ಬಾಲವನ್ನೇ ಕಚ್ಚಿಕೊಂಡರೆ, ಪಶುವೈದ್ಯರಿಗೆ ತೋರಿಸಿ. ಸಾಧ್ಯವಾದರೆ ವಿಡಿಯೊ ಮಾಡಿಕೊಂಡು ಹೋಗಿ.