ಊಜಿ ಬಗ್ಗೆ ನೀವೇ ಯಾಕೆ ಮಾತಾಡಬೇಕು: ಪರಿಚಯದಲ್ಲಿ ಬರೀಬೇಕಾದ್ದು

> "ರೇಷ್ಮೆ ಬೆಳೆಗಾರರ ಸಮಾವೇಶದಲ್ಲಿ ಊಜಿ ನೊಣದ ಬಗ್ಗೆ 20 ನಿಮಿಷ ಮಾತಾಡೋಕೆ ಅರ್ಜಿ ಹಾಕ್ತಿದೀನಿ. ಪರಿಚಯ 120 ಪದ ಮೀರಬಾರದು ಅಂತಿದೆ. ನಾನು ಬರೆದದ್ದು ಇಷ್ಟು: 'ಶಿಡ್ಲಘಟ್ಟ ತಾಲೂಕಿನ ಪ್ರಗತಿಪರ ರೈತ ಮಹಿಳೆ. ಬಾಲ್ಯದಿಂದಲೂ ಕೃಷಿಯಲ್ಲಿ ಆಸಕ್ತಿ. 9 ವರ್ಷದಿಂದ ರೇಷ್ಮೆ ಸಾಕಣೆ. ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ತಾಲೂಕು ಮಟ್ಟದ ಪ್ರಶಸ್ತಿ ಪಡೆದಿದ್ದಾರೆ.' ಓದಿರೋದು ಎಸ್ಸೆಸ್ಸೆಲ್ಸಿ. ಇದು ಸಾಕಾ?"

ಅಕ್ಕ, ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆದ್ರೆ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಬೆಳೆ ಕೆಡಿಸೋ ಈ ಊಜಿ ನೊಣದ ಹೆಸರೇ ಅದರಲ್ಲಿ ಇಲ್ಲ. ಇದೇ ಐದು ಸಾಲನ್ನ ಟೊಮೆಟೊ ಸಭೆಗೆ, ಹಾಲಿನ ಡೈರಿ ಸಭೆಗೆ ಕಳಿಸಿದ್ರೂ ನಡೆಯುತ್ತೆ. ಆರಿಸೋರು ಅಂಥ ಪರಿಚಯವನ್ನ ಪಕ್ಕಕ್ಕೆ ಇಡ್ತಾರೆ. ನಾನು ಒಂದು ಸಲ ಹಿಪ್ಪುನೇರಳೆ ಗೋಷ್ಠಿಗೆ ಬಂದ ಅರ್ಜಿಗಳನ್ನ ಓದೋಕೆ ಕೂತಿದ್ದೆ. ಆರು ಜಾಗಕ್ಕೆ ನಲವತ್ತರ ಹತ್ತಿರ ಅರ್ಜಿ. ಅರ್ಧಕ್ಕಿಂತ ಹೆಚ್ಚು 'ಪ್ರಗತಿಪರ ರೈತರು' ಅಂತಲೇ ಶುರುವಾಗಿದ್ವು. ಮೂರನೇದು ಓದೋ ಹೊತ್ತಿಗೆ ಆ ಪದ ಕಣ್ಣಿಗೇ ಬೀಳ್ತಿರ್ಲಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ ನಾನೇ ಬೇರೊಂದು ಕಡೆ ಹತ್ತು ಸಾಲು ಪ್ರಶಸ್ತಿ ಬರೆದು ಕಳಿಸಿ, ಉತ್ತರವೂ ಬರದೆ ಬೇಜಾರಾಗಿದ್ದೆ. ಆಚೆ ಕಡೆ ಕೂತಾಗ ಕಾರಣ ತಿಳೀತು.

9 ವರ್ಷದ ಸಾಲು ನೋಡಿ. ಶಿಡ್ಲಘಟ್ಟದಲ್ಲಿ 9 ವರ್ಷ ಹುಳು ಸಾಕಿದವರು ಬೇಕಂದ್ರೆ ಗೂಡಿನ ಮಾರುಕಟ್ಟೆ ಬಾಗಿಲಲ್ಲಿ ಹತ್ತು ನಿಮಿಷ ನಿಂತ್ರೆ ಸಾಕು, ಮೂವತ್ತು ಜನ ಸಿಗ್ತಾರೆ. ಅವರಲ್ಲಿ ಯಾರೂ ಮಾಡದ ಒಂದು ಕೆಲಸ ನೀವು ಮಾಡಿದೀರ. ಕಳೆದ ತಿಂಗಳು ಈ ಗುಂಪಿಗೆ ಹಾಕಿದ ಆ ನೋಟ್‌ಬುಕ್ಕಿನ ಫೋಟೋ! ನೀಲಿ ಗೆರೆ ಎಳೆದು, ಪ್ರತಿ ಬೆಳೆಯಲ್ಲೂ ಊಜಿ ಹುಳು ಕೊರೆದು ಹೊರಗೆ ಬಂದ ತೂತು ಗೂಡನ್ನ ಬೇರೆ ಆರಿಸಿ, ತೂಗಿ ಬರೆದಿದೀರ. ಎರಡು ವರ್ಷ, 11 ಬೆಳೆ. ಬರೆದ ಪರಿಚಯದಲ್ಲಿ ಅದರ ಸುಳಿವೇ ಇಲ್ಲ. ಆ ಪುಸ್ತಕವೇ ನಿಮ್ಮ ಅರ್ಹತೆ, ಮೊದಲ ಎರಡು ವಾಕ್ಯದಲ್ಲೇ ಅದು ಬರಬೇಕು.

ಎರಡನೇದು, ಮಾತಿನ ವಿಷಯ. 'ಊಜಿ ನೊಣದ ನಿಯಂತ್ರಣ' ಅಂತ ಹೆಸರಿಟ್ಟಿದೀರ. ಅದರೊಳಗೆ ಬಲೆ, ಔಷಧಿ, ಊಜಿ ಕೋಶಕ್ಕೆ ಮೊಟ್ಟೆ ಇಡೋ ಸಣ್ಣ ಪರತಂತ್ರ ಕೀಟದ ಪೌಚು, ಎಲ್ಲಾ ಬರುತ್ತೆ. ಪೌಚು ನೀವು ಒಂದು ಬೆಳೆಗೂ ಕಟ್ಟಿಲ್ಲ ಅಂತ ನೀವೇ ಹೇಳಿದೀರ. ಅಷ್ಟಕ್ಕೂ ನೀವೇ ಸರಿ ಅಂತ ಯಾವ ಪರಿಚಯವೂ ತೋರಿಸೋಕೆ ಆಗಲ್ಲ. ನಿಮಗೆ ಗೊತ್ತಿರೋದು ಒಂದು ಸಂಗತಿ, ಅದನ್ನ ಬೇರೆಯವರಿಗಿಂತ ಚೆನ್ನಾಗಿ ಬಲ್ಲಿರಿ: ಕಿಟಕಿಗೆಲ್ಲ ಬಲೆ ಹೊಡೆದ ಮೇಲೂ ನೊಣ ಸೊಪ್ಪು ತರೋ ಬಾಗಿಲಿಂದ ಒಳಗೆ ಬರ್ತಿತ್ತು, ಬಾಗಿಲ ಮುಂದೆ ಬಲೆಯ ಸಣ್ಣ ಕೋಣೆ ಕಟ್ಟಿ, ಒಂದು ಬಾಗಿಲು ಮುಚ್ಚಿದ ಮೇಲೇ ಇನ್ನೊಂದು ತೆಗೆಯೋ ಹಾಗೆ ಮಾಡಿದ ಮೇಲೆ ಕಡಿಮೆಯಾಯ್ತು. ವಿಷಯವನ್ನ ಅಷ್ಟಕ್ಕೇ ಇಳಿಸಿ: 'ಹುಳು ಮನೆಯ ಬಾಗಿಲಿಂದ ಬರುವ ಊಜಿ'. ಆಗ ಪರಿಚಯವೂ ವಿಷಯವೂ ಒಂದಕ್ಕೊಂದು ಹೊಂದುತ್ತೆ.

ಅಂಕಿಯ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಫೋಟೋ ಕೆಳಗೆ ನೀವು 'ನೂರು ಕೆ.ಜಿ.ಗೆ 14 ಇದ್ದದ್ದು 3ಕ್ಕೆ ಇಳೀತು' ಅಂತ ಬರೆದಿದ್ರಿ. ಪುಟ ದೊಡ್ಡದು ಮಾಡಿ ನೋಡಿದೆ. 14 ಕೆ.ಜಿ. ತೂತು ಗೂಡು ಬಂದದ್ದು ಆಷಾಢದ ಬೆಳೆ, 3 ಬಂದದ್ದು ಬೇಸಿಗೆ ಬೆಳೆ. ನಮ್ಮ ಕಡೆ ಮಳೆ ತಿಂಗಳಲ್ಲಿ ಊಜಿ ಹೆಚ್ಚು, ಬಾಗಿಲು ಇದ್ರೂ ಇಲ್ಲದಿದ್ರೂ ಬೇಸಿಗೇಲಿ ಇಳಿಯುತ್ತೆ. ಆರಿಸೋರಲ್ಲಿ ಹುಳು ಸಾಕಿದವರು ಒಬ್ಬರಿದ್ರೂ ಸಾಕು, ಅಲ್ಲೇ ಹಿಡೀತಾರೆ. ಮಳೆಗಾಲದ ಬೆಳೆಗೆ ಮಳೆಗಾಲದ ಬೆಳೆಯನ್ನೇ ಹೋಲಿಸಿ. ನಿಮ್ಮ ಪುಸ್ತಕದಲ್ಲೇ ಅದು ಇದೆ: ಕೋಣೆ ಕಟ್ಟೋ ಮುಂಚೆ ಸರಾಸರಿ 11, ಆಮೇಲೆ ಎರಡು ಬೆಳೆಯಲ್ಲಿ 4, ಒಂದರಲ್ಲಿ ಮತ್ತೆ 9. ಇಳಿಕೆ ಚಿಕ್ಕದಾಗಿ ಕಾಣಿಸುತ್ತೆ, ನಿಜ. ಆದ್ರೆ ಯಾರು ಕೇಳಿದ್ರೂ ನಿಲ್ಲುತ್ತೆ.

ಆ 9 ಬಂದ ಬೆಳೆಯನ್ನ ಬಚ್ಚಿಡಬೇಡಿ. ಐದನೇ ಹಂತದಲ್ಲಿ ಹುಳುವಿನ ಹಸಿವು ಜಾಸ್ತಿ, ಮಳೇಲಿ ನೆನೆದ ಕಡ್ಡಿ ಸೊಪ್ಪಿನ ಹೊರೆ ದಪ್ಪ, ಸಣ್ಣ ಕೋಣೇಲಿ ಅದು ತಿರುಗ್ತಿರ್ಲಿಲ್ಲ ಅಂತ ಆಳುಗಳು ಎರಡೂ ಬಾಗಿಲಿಗೆ ಕಲ್ಲು ಕೊಟ್ಟು ತೆಗೆದೇ ಇಟ್ಟಿದ್ರು ಅಂದ್ರಲ್ಲ. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ಎರಡೇ ದಿನಕ್ಕೆ ಹುಳುವಿನ ಮೈಮೇಲೆ ಕರಿ ಚುಕ್ಕೆ ನೋಡಿದೆ ಅಂತಲೂ ಬರೆದಿದ್ರಿ. ಆ ಚುಕ್ಕೆ ಅಂದ್ರೆ ಊಜಿ ಮರಿ ಒಳಗೆ ಹೊಕ್ಕಾಗಿದೆ, ನೊಣ ಬಂದು ದಿನವಾಗಿದೆ ಅಂತ. ಇದನ್ನ ಕಣ್ಣಾರೆ ಕಂಡವರೇ ಹೇಳೋಕೆ ಸಾಧ್ಯ. ಎಲ್ಲಾ ಸರಿಹೋಯ್ತು ಅಂತ ಬರೆದವರಿಗಿಂತ, ಎಲ್ಲಿ ತಪ್ಪಿತು ಅಂತ ಬರೆದವರನ್ನ ಕರೆಯೋಣ ಅಂತ ನಾವು ಅವತ್ತು ಕೂತವರೆಲ್ಲ ಒಪ್ಪಿದ್ವಿ.

ಮೇಲೆ ಚಿಂತಾಮಣಿ ಅಣ್ಣ ಹೇಳಿದ್ದು ಅರ್ಧ ಸರಿ. ಎಸ್ಸೆಸ್ಸೆಲ್ಸಿ ಬರೆಯೋದು ಬೇಡ ಅಂದ್ರು, ಒಪ್ತೀನಿ. ನಾಚಿಕೆಗಲ್ಲ, ಬಾಗಿಲಿನ ವಿಷಯಕ್ಕೆ ಅದು ಪರವೂ ಅಲ್ಲ ವಿರೋಧವೂ ಅಲ್ಲ. ಆದ್ರೆ ಮಾವನವರ ಅನುಭವವನ್ನೂ ಸೇರಿಸಿ '35 ವರ್ಷದ ಅನುಭವದ ಕುಟುಂಬ' ಅಂತ ಹಾಕಿ ಅಂದದ್ದು ಬೇಡ. ವೇದಿಕೆ ಮೇಲೆ ನಿಲ್ಲೋದು ನೀವು, ಮಾವನವರಲ್ಲ. ಪ್ರಶ್ನೆ ಕೇಳೋರು ಆ 35 ವರ್ಷದ ಬಗ್ಗೆಯೇ ಕೇಳಿದ್ರೆ ಏನು ಹೇಳ್ತೀರ?

ಇಲಾಖೆಯಿಂದ ನಿವೃತ್ತರಾದ ಸರ್ ಎರಡು ಮಾತು ಹೇಳಿದಾರೆ. ಊಜಿಯ ಶಾಸ್ತ್ರೀಯ ಹೆಸರು ಎಕ್ಸೊರಿಸ್ಟಾ ಬಾಂಬಿಸಿಸ್, ಅದು ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಇದನ್ನ ಸೇರಿಸಿದ್ರೆ ತೂಕ ಬರುತ್ತೆ ಅಂತ. ಸರ್ ಕ್ಷಮಿಸಬೇಕು, ಅದು ಮಾತಿನ ಒಳಗೆ ಬರಲಿ. ಪರಿಚಯದಲ್ಲಿ ಬಂದ್ರೆ ಅಕ್ಕನ ಬಗ್ಗೆ ಏನೂ ತಿಳಿಯಲ್ಲ, ನೊಣದ ಬಗ್ಗೆ ತಿಳಿಯುತ್ತೆ. ಅವರ ಎರಡನೇ ಮಾತು ಮಾತ್ರ ಚಿನ್ನ, ನನಗೂ ಹೊಳೆದಿರ್ಲಿಲ್ಲ. ತೂತು ಗೂಡಿನ ಒಳಗಿನ ಕೋಶವನ್ನ ಊಜಿ ಮರಿ ತಿಂದಿರುತ್ತೆ, ಹಾಗಾಗಿ ಅದು ಒಳ್ಳೆ ಗೂಡಿಗಿಂತ ಹಗುರ. ತೂಕದಲ್ಲಿ 4 ಅಂದ್ರೆ ಎಣಿಕೆಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತೆ. ಜೊತೆಗೆ ಗೂಡು ಕಟ್ಟೋ ಮುಂಚೆಯೇ ಸತ್ತ ಹುಳು ನಿಮ್ಮ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆದ್ರಿಂದ 'ಊಜಿ ನಷ್ಟ ಇಷ್ಟು ಇಳೀತು' ಅಂತ ಬರೀಬೇಡಿ, 'ತೂತು ಗೂಡು, ತೂಕದಲ್ಲಿ' ಅಂತಲೇ ಬರೀರಿ. ಮುಂದಿನ ಬೆಳೆಯಿಂದ ಚಂದ್ರಿಕೆಯಿಂದ ಗೂಡು ಬಿಡಿಸುವಾಗ ಮೂರು ಕಡೆಯಿಂದ ನೂರು ನೂರು ಗೂಡು ಎಣಿಸಿ, ಅದರಲ್ಲಿ ತೂತು ಎಷ್ಟು ಅಂತ ಬರೆದಿಡಿ. ಹಳೇ ತೂಕದ ಲೆಕ್ಕವನ್ನ ಎಣಿಕೆಗೆ ತಿರುಗಿಸೋಕೆ ಬರುತ್ತಾ ಇಲ್ವಾ ಅನ್ನೋದರಲ್ಲಿ ಸರ್‌ಗೂ ನನಗೂ ಇನ್ನೂ ಒಮ್ಮತ ಇಲ್ಲ. ನಾನು ಬೇಡ ಅಂತೀನಿ.

ಇಷ್ಟೆಲ್ಲ ಸೇರಿಸಿ ನಾನು ಬರೆದದ್ದು ಇದು. ನಿರೂಪಕರು ವೇದಿಕೆ ಮೇಲೆ ಓದಿದ್ರೂ ಸರಿಹೋಗಲಿ ಅಂತ 'ನಾನು' ಬದಲು 'ಇವರು' ಇಟ್ಟಿದೀನಿ. ಮೊದಲಿಗೆ ನಿಮ್ಮ ಹೆಸರು ಹಾಕಿಕೊಳ್ಳಿ.

"ಇವರು ಶಿಡ್ಲಘಟ್ಟ ತಾಲೂಕಿನಲ್ಲಿ ಬೆಳೆಗೆ 150 ಮೊಟ್ಟೆ ಸಾಕುವ ರೇಷ್ಮೆ ಬೆಳೆಗಾರರು. ಎರಡು ವರ್ಷಗಳಿಂದ 11 ಬೆಳೆಗಳಲ್ಲಿ ಊಜಿಯಿಂದ ತೂತಾದ ಗೂಡನ್ನು ಪ್ರತಿ ಸಲ ಬೇರೆ ಆರಿಸಿ, ತೂಗಿ ಬರೆದಿಟ್ಟಿದ್ದಾರೆ. ಕಿಟಕಿಗಳಿಗೆ ಬಲೆ ಇದ್ದರೂ ಮಳೆಗಾಲದ ಬೆಳೆಗಳಲ್ಲಿ ನೂರು ಕೆ.ಜಿ.ಗೆ ಸರಾಸರಿ 11 ಕೆ.ಜಿ. ತೂತು ಗೂಡು ಬರುತ್ತಿತ್ತು. ಸೊಪ್ಪು ತರುವ ಬಾಗಿಲಿಗೆ ಬಲೆಯ ಕೋಣೆ ಕಟ್ಟಿದ ನಂತರದ ಮೂರು ಮಳೆಗಾಲದ ಬೆಳೆಗಳಲ್ಲಿ ಎರಡರಲ್ಲಿ ಅದು 4ಕ್ಕೆ ಇಳಿಯಿತು, ಒಂದರಲ್ಲಿ 9 ಆಯಿತು. ಆ ಒಂದು ಬೆಳೆ ಏಕೆ ಕೆಟ್ಟಿತು ಎಂಬುದನ್ನು ಇವರು ದಿನದ ಲೆಕ್ಕದೊಂದಿಗೆ ವಿವರಿಸುತ್ತಾರೆ. ಸ್ತ್ರೀಶಕ್ತಿ ಸಂಘದ ನಾಲ್ಕು ಸದಸ್ಯರು ಇದೇ ಬಗೆಯ ಕೋಣೆ ಕಟ್ಟಿಕೊಂಡಿದ್ದಾರೆ. ಬಲೆ ಅಥವಾ ಔಷಧಿಯ ವ್ಯಾಪಾರದಲ್ಲಿ ಇವರಿಗೆ ಪಾಲಿಲ್ಲ."

120 ಪದದೊಳಗೇ ಇದೆ. ಸ್ತ್ರೀಶಕ್ತಿ ಸಂಘವನ್ನ ತೆಗೆದಿಲ್ಲ ನೋಡಿ, ಅಧ್ಯಕ್ಷೆ ಅನ್ನೋ ಪಟ್ಟ ಮಾತ್ರ ಬಿಟ್ಟೆ. ನಿಮ್ಮ ಮನೇಲಿ ಕಂಡದ್ದು ಇನ್ನೂ ನಾಲ್ಕು ಮನೇಲಿ ನಡೀತಿದೆ ಅನ್ನೋದಕ್ಕೆ ಸಂಘ ಇಲ್ಲಿ ಕೆಲಸಕ್ಕೆ ಬಂತು. ಆ ನಾಲ್ಕು ಮನೆಯವರನ್ನ ಒಂದು ಮಾತು ಕೇಳಿಬಿಡಿ, ಇವತ್ತಿಗೂ ಬಳಸ್ತಿದಾರಾ ಅಂತ. ಒಬ್ಬರು ಕಿತ್ತು ಹಾಕಿದ್ರೆ ಮೂರು ಅಂತ ಬರೀರಿ. ಪ್ರಶಸ್ತಿ ಕೊಟ್ಟದ್ದು ಯಾವುದಕ್ಕೆ? ಗೂಡಿನ ಗುಣಮಟ್ಟಕ್ಕೆ ಅಂದ್ರೆ ಕೊನೇಲಿ ಒಂದು ಸಾಲು ಸೇರಿಸಬಹುದು, ಹಾಲಿಗೆ ಅಂದ್ರೆ ಬೇಡ. ಕೊನೆಯ ವಾಕ್ಯ ನನ್ನ ಹಟ ಅಂತ ಅನ್ನಿಸಬಹುದು. ಬಲೆ ಮಾರೋರು ರೈತರ ವೇಷದಲ್ಲಿ ಬಂದು ಮಾತಾಡಿ ಹೋದದ್ದನ್ನ ನಾವು ಕಂಡಿದೀವಿ, ಹಾಗಾಗಿ ಕೇಳೋರ ಮನಸ್ಸಲ್ಲಿ ಆ ಅನುಮಾನ ಇದ್ದೇ ಇರುತ್ತೆ. ಮುಂದೆ ಯಾವಾಗಲಾದ್ರೂ ಬಲೆ ಏಜೆನ್ಸಿ ತಗೊಂಡ್ರೆ ಅದನ್ನೂ ಇಷ್ಟೇ ನೇರವಾಗಿ ಬರೀಬೇಕು.

ಮಾಲೂರಿನ ಅಣ್ಣ, ನೀವು ಕೇಳಿದ್ದು ಬ್ಯಾಂಕಿಗೆ ಕೊಡೋ ಬಯೋಡೇಟಾ. ಅದರಲ್ಲಿ ಓದು, ಜಮೀನು, ಹಳೇ ಸಾಲ ಎಲ್ಲಾ ಬೇಕು, ಈ ಮಾದರಿ ಅಲ್ಲಿಗೆ ಬರಲ್ಲ. ಆದ್ರೆ ಡ್ರಿಪ್ಪಲ್ಲಿ ಗೊಬ್ಬರ ಬಿಡೋದರ ಬಗ್ಗೆ ಮಾತಾಡೋಕೆ ನಿಮಗೂ ಆಸೆ ಇದೆ ಅಂದ್ರಲ್ಲ, ಅದಕ್ಕೆ ಮೊದಲು ಈ ಸಲದ ಟೊಮೆಟೊ ತೋಟದಲ್ಲಿ ಗೊಬ್ಬರ ಬಿಟ್ಟ ದಿನ, ಎಷ್ಟು ಕೆ.ಜಿ., ಯಾವ ಕೊಯ್ಲಿಗೆ ಎಷ್ಟು ಕ್ರೇಟು ಅಂತ ಬರೆಯೋಕೆ ಶುರು ಮಾಡಿ. ಈಗ ಇರೋದು ನೆನಪು ಮಾತ್ರ, ಅದರ ಮೇಲೆ ಪರಿಚಯ ಬರೆಯೋಕೆ ನನಗೆ ಬರಲ್ಲ.

ಅಕ್ಕ, ಅರ್ಜಿ ಜೊತೆ ನೋಟ್‌ಬುಕ್ಕಿನ ಒಂದೇ ಒಂದು ಪುಟದ ಫೋಟೋ ಲಗತ್ತಿಸೋಕೆ ಅವಕಾಶ ಇದ್ಯಾ ಕೇಳಿ. ಇದ್ರೆ ಆ 9 ಬಂದ ಬೆಳೆಯ ಪುಟವನ್ನೇ ಹಾಕಿ.