ಕ್ಲಾಸ್ ಗ್ರೂಪಿಗೆ ಬಂದ ಚಲನ್ ಮತ್ತು ಪೋಷಕರಿಗೊಂದು ಪತ್ರ

ಪ್ರಶ್ನೆ: ನಾನು ನಾಲ್ಕನೇ ತರಗತಿಯ ಕ್ಲಾಸ್ ಟೀಚರ್. ಭಾನುವಾರ ರಾತ್ರಿ ಒಬ್ಬ ಹುಡುಗನ ತಂದೆಯ ನಂಬರಿನಿಂದ ಗ್ರೂಪಿಗೆ RTO Challan.apk ಅಂತ ಬಂತು. ಸ್ವಲ್ಪ ಹೊತ್ತಿನಲ್ಲಿ ಗ್ರೂಪಿನ ಹೆಸರು, ಫೋಟೊ ಎರಡೂ ಯಾವುದೋ ಬ್ಯಾಂಕಿನದ್ದಾಯಿತು. ಅವರು ‘ನಾನು ಕಳಿಸಿಲ್ಲ ಮೇಡಂ, ನನ್ನ ವಾಟ್ಸಾಪ್ಪೇ ಓಪನ್ ಆಗ್ತಿಲ್ಲ’ ಅಂತಾರೆ. ಪೋಷಕರಿಗೆಲ್ಲ ಏನೆಂದು ಪತ್ರ ಬರೆಯಲಿ?

ಉತ್ತರ: ಅವರು ಹೇಳುತ್ತಿರುವುದು ನಿಜ, ಮೇಡಂ. ಗ್ರೂಪಿನಲ್ಲಿ ಅವರನ್ನು ತರಾಟೆಗೆ ತೆಗೆದುಕೊಂಡವರಿದ್ದರೆ ಮೊದಲು ಅವರ ಬಾಯಿ ಮುಚ್ಚಿಸಿ.

ಇಂಥದ್ದೇ ಒಂದು ಫೈಲ್ ಅವರಿಗೂ ಪರಿಚಯದವರ ನಂಬರಿನಿಂದ ಬಂದಿರುತ್ತದೆ. ಚಲನ್ ಇರಬಹುದೆಂದು ಒತ್ತಿದ್ದಾರೆ, ‘ಇನ್‌ಸ್ಟಾಲ್’ ಕೊಟ್ಟಿದ್ದಾರೆ, ಎಸ್‌ಎಂಎಸ್ ಓದಲು ಅನುಮತಿ ಕೇಳಿದಾಗ ‘ಅಲೋ’ ಅಂದಿದ್ದಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು, ಕಳ್ಳನದು ಶುರುವಾಯಿತು. ಅವನು ತನ್ನ ಫೋನಿನಲ್ಲಿ ವಾಟ್ಸಾಪ್ ತೆರೆದು ಇವರ ನಂಬರ್ ಹಾಕುತ್ತಾನೆ. ಆರು ಅಂಕಿಯ ಕೋಡ್ ಎಸ್‌ಎಂಎಸ್ ಆಗಿ ಇವರ ಫೋನಿಗೆ ಬರುತ್ತದೆ, ಒಳಗೆ ಕುಳಿತ ಆ್ಯಪ್ ಅದನ್ನು ಅವನಿಗೆ ರವಾನಿಸುತ್ತದೆ. ಕೋಡ್ ಹಾಕಿದ ಕ್ಷಣ ಇವರ ವಾಟ್ಸಾಪ್ ಲಾಗ್‌ಔಟ್. ಇವರಿದ್ದ ಗ್ರೂಪುಗಳಿಗೆಲ್ಲ ಈಗ ಅವನು ಸದಸ್ಯ. ಅದೇ ಫೈಲನ್ನು ಅಲ್ಲೆಲ್ಲ ಹಾಕುತ್ತಾನೆ. ಗ್ರೂಪಿನ ಹೆಸರು ಬದಲಿಸುವ ಅಧಿಕಾರವನ್ನು ನೀವು ಎಲ್ಲರಿಗೂ ಬಿಟ್ಟಿದ್ದಿರಿ, ಆದ್ದರಿಂದ ಅದನ್ನೂ ಬದಲಿಸಿದ.

ಎಲ್ಲ ವಿಚಿತ್ರ ಮೆಸೇಜೂ ಇದೇ ಬಗೆಯದಲ್ಲ. ಪೋಷಕರ ವಾಟ್ಸಾಪ್ ಸರಿಯಾಗಿಯೇ ತೆರೆಯುತ್ತಿದೆ, ಆದರೂ ತಾವು ಕಳಿಸದ ಮೆಸೇಜ್ ಹೋಗುತ್ತಿದೆ ಎಂದರೆ ಯಾರೋ ಇನ್ನೊಂದು ಯಂತ್ರವನ್ನು ಜೋಡಿಸಿಕೊಂಡಿದ್ದಾರೆ. ‘ನಿಮ್ಮ ಫೋಟೊ ಇಲ್ಲಿದೆ ನೋಡಿ’ ಎಂಬ ಲಿಂಕ್ ಒತ್ತಿ, ಅದು ತೋರಿಸಿದ ಎಂಟು ಅಕ್ಷರದ ಕೋಡನ್ನು ವಾಟ್ಸಾಪಿಗೆ ತುಂಬಿದವರಿಗೆ ಹೀಗಾಗುತ್ತದೆ. ಅಂಥವರು Linked devices ತೆರೆದು, ಗುರುತಿಲ್ಲದ್ದನ್ನೆಲ್ಲ ಲಾಗ್‌ಔಟ್ ಮಾಡಿದರೆ ಸಾಕು. ಇನ್ನು ಸಂಜೆ ನಾಲ್ಕರ ನಂತರ ಸಾಲಾಗಿ ಸ್ಟಿಕರ್, ಉಸಿರಾಟ ಮಾತ್ರ ಕೇಳುವ ವಾಯ್ಸ್ ನೋಟ್ ಬಂದರೆ ಅದು ಹ್ಯಾಕರ್ ಅಲ್ಲ, ನಿಮ್ಮದೇ ವಿದ್ಯಾರ್ಥಿ.

ನಿಮ್ಮ ಪ್ರಕರಣಕ್ಕೆ ಬರೋಣ. ಇಲ್ಲಿ ಎಲ್ಲರೂ ಎಡವುವುದು ಕ್ರಮದಲ್ಲಿ. ಗಾಬರಿಯಲ್ಲಿ ಅದೇ ಫೋನಿನಲ್ಲಿ ಮತ್ತೆ ವಾಟ್ಸಾಪ್ ಹಾಕಿಕೊಳ್ಳುತ್ತಾರೆ, ಹತ್ತು ನಿಮಿಷ ನಡೆಯುತ್ತದೆ, ಮತ್ತೆ ಹೋಗುತ್ತದೆ. ಕೋಡ್ ಕದಿಯುವ ಆ್ಯಪ್ ಒಳಗೇ ಇದ್ದ ಮೇಲೆ ಹೋಗದೆ ಇನ್ನೇನು?

ಮೊದಲು ಸಿಮ್ ಹೊರಗೆ ತೆಗೆದು ಕೀಪ್ಯಾಡ್ ಫೋನಿಗೆ ಹಾಕಲಿ, ಆ ಸ್ಮಾರ್ಟ್‌ಫೋನಿನ ವೈಫೈ ಕೂಡ ಆರಿಸಲಿ. ಹೊಸ ಎಸ್‌ಎಂಎಸ್ ಇನ್ನು ಕಳ್ಳನಿಗೆ ಸಿಗುವುದಿಲ್ಲ. ಬ್ಯಾಂಕಿನ ಒಟಿಪಿಯೂ ಸಿಗುವುದಿಲ್ಲ, ಅದು ವಾಟ್ಸಾಪಿಗಿಂತ ಮುಖ್ಯ. ಬಳಿಕ ಮನೆಯವರ ಆಂಡ್ರಾಯ್ಡ್ ಫೋನಿನ ವಾಟ್ಸಾಪಿನಲ್ಲಿ ಎರಡನೇ ಅಕೌಂಟಾಗಿ ತಮ್ಮ ನಂಬರ್ ಸೇರಿಸಿ, ಕೀಪ್ಯಾಡ್ ಫೋನಿಗೆ ಬಂದ ಕೋಡ್ ಹಾಕಲಿ. ಕಳ್ಳ ಅಲ್ಲೇ ಹೊರಬೀಳುತ್ತಾನೆ. ಅವನು ಪಿನ್ ಇಟ್ಟಿದ್ದರೆ ಏಳು ದಿನ ಕಾಯಬೇಕೆಂದು ವಾಟ್ಸಾಪ್ ಹೇಳುತ್ತದೆ. ಕಾಯಲಿ, ಆ ಏಳು ದಿನ ಅವನೂ ಒಳಗಿರುವುದಿಲ್ಲ.

ಆಮೇಲೆ ಫೋನ್ ತೊಳೆಯುವ ಕೆಲಸ. ಈ ಆ್ಯಪ್‌ಗಳು ತಮ್ಮ ಐಕಾನನ್ನು ಬಚ್ಚಿಡುತ್ತವೆ, ಹಾಗಾಗಿ ಹೋಮ್ ಸ್ಕ್ರೀನಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಸೆಟ್ಟಿಂಗ್ಸ್‌ನಲ್ಲಿ Permission manager ಹುಡುಕಿ, SMS ಒತ್ತಿದರೆ ಎಸ್‌ಎಂಎಸ್ ಓದಬಲ್ಲ ಆ್ಯಪ್‌ಗಳ ಪಟ್ಟಿ ಬರುತ್ತದೆ. ಮೆಸೇಜಸ್, ಫೋನ್, ಬ್ಯಾಂಕು, ಯುಪಿಐ ಅಲ್ಲಿರುವುದು ಸಹಜ. ನಡುವೆ ಚಲನ್ ಎಂದೋ ಮದುವೆ ಕಾರ್ಡ್ ಎಂದೋ ಕಸ್ಟಮರ್ ಸಪೋರ್ಟ್ ಎಂದೋ ಇದ್ದರೆ ಸಿಕ್ಕಿಬಿದ್ದ. ತೆಗೆಯಲು ಹೋದಾಗ Uninstall ಬಟನ್ ಮಸುಕಾಗಿದ್ದರೆ ಅದು Device admin apps ಪಟ್ಟಿಯಲ್ಲಿ ಸೇರಿಕೊಂಡಿದೆ. ಅಲ್ಲಿ ಟಿಕ್ ತೆಗೆದು ಮತ್ತೆ ಪ್ರಯತ್ನಿಸಬೇಕು. ಆಗಲೂ ಹೋಗದಿದ್ದರೆ ಫೋಟೊಗಳನ್ನು ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಲಿ. ನನ್ನನ್ನು ಕೇಳಿದರೆ ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರವಿದ್ದವರು ನೇರವಾಗಿ ರೀಸೆಟ್ಟೇ ಮಾಡಬೇಕು.

ನಿಮ್ಮ ಪಾಲಿನದು: ಆ ನಂಬರನ್ನು ತಕ್ಷಣ ಗ್ರೂಪಿನಿಂದ ತೆಗೆಯಿರಿ. ಅಡ್ಮಿನ್ ಆಗಿರುವುದರಿಂದ ಅವರ ಮೆಸೇಜನ್ನೂ ನೀವು ಎಲ್ಲರಿಗೂ ಅಳಿಯುವಂತೆ ಅಳಿಸಬಹುದು. Group permissions ತೆರೆದು ಹೆಸರು ಬದಲಿಸುವುದು, ಸದಸ್ಯರನ್ನು ಸೇರಿಸುವುದು, ಮೆಸೇಜ್ ಹಾಕುವುದು ಮೂರನ್ನೂ ಅಡ್ಮಿನ್‌ಗಳಿಗೆ ಮಾತ್ರ ಉಳಿಸಿ. ಹೋಂವರ್ಕ್ ತಿಳಿಸುವ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ. ಅವರನ್ನು ಮರಳಿ ಸೇರಿಸುವ ಮುನ್ನ ಮುಖತಃ ಮಾತಾಡಿ.

ಪತ್ರವನ್ನು ಗ್ರೂಪಿಗೆ ಹಾಕಬೇಡಿ. ಯಾರ ನಂಬರಿನಲ್ಲಿ ಯಾರಿದ್ದಾರೋ ಗೊತ್ತಿಲ್ಲದ ಹೊತ್ತಿದು. ಮಕ್ಕಳ ಡೈರಿಯಲ್ಲಿ ಕಾಗದ ಕಳಿಸಿ, ಸಹಿ ತರಿಸಿ. ಹೀಗೆ ಬರೆದರೆ ಸಾಕು:

> ಪೋಷಕರಿಗೆ ನಮಸ್ಕಾರ.
>
> ಭಾನುವಾರ ರಾತ್ರಿ ನಮ್ಮ ತರಗತಿಯ ವಾಟ್ಸಾಪ್ ಗ್ರೂಪಿಗೆ RTO Challan.apk ಎಂಬ ಫೈಲ್ ಬಂದಿದೆ. ಅದು ಚಲನ್ ಅಲ್ಲ, ಹಣ ಮತ್ತು ಒಟಿಪಿ ಕದಿಯುವ ಆ್ಯಪ್. ಪೋಷಕರೊಬ್ಬರ ಅಕೌಂಟನ್ನು ವಂಚಕರು ವಶಪಡಿಸಿಕೊಂಡು ಅದನ್ನು ಕಳಿಸಿದ್ದಾರೆ. ದಯವಿಟ್ಟು ಅವರನ್ನು ದೂರಬೇಡಿ.
>
> ಫೈಲನ್ನು ಬರೀ ನೋಡಿದ್ದರೆ ತೊಂದರೆಯಿಲ್ಲ, ಅಳಿಸಿಬಿಡಿ. ಇನ್‌ಸ್ಟಾಲ್ ಮಾಡಿದ್ದರೆ ಈಗಲೇ ಸಿಮ್ ಹೊರತೆಗೆದು, ವೈಫೈ ಆರಿಸಿ, ಬೇರೆ ಫೋನಿನಿಂದ ನಿಮ್ಮ ಬ್ಯಾಂಕಿಗೆ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.
>
> ಎಲ್ಲರೂ ಇಂದೇ ವಾಟ್ಸಾಪ್ ಸೆಟ್ಟಿಂಗ್ಸ್‌ನ Account ಒಳಗೆ Two-step verification ಆನ್ ಮಾಡಿ, ಆರು ಅಂಕಿಯ ಪಿನ್ ಇಡಿ. ಆ ಪಿನ್ ಅನ್ನು ಶಾಲೆಯವರು ಕೇಳುವುದಿಲ್ಲ.
>
> ಗ್ರೂಪಿನಲ್ಲಿ ನಾವು .apk ಫೈಲನ್ನಾಗಲೀ ಫೀಸಿನ ಕ್ಯೂಆರ್ ಕೋಡನ್ನಾಗಲೀ ಎಂದೂ ಕಳಿಸುವುದಿಲ್ಲ. ನನ್ನ ಹೆಸರಿನಲ್ಲೇ ಬಂದರೂ ನಂಬಬೇಡಿ, ಶಾಲೆಯ ಕಚೇರಿಗೆ ಕರೆ ಮಾಡಿ.
>
> ಇಂತಿ, ತರಗತಿ ಶಿಕ್ಷಕಿ

ಎರಡು ಹಂತದ ಪಿನ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದು ಎಸ್‌ಎಂಎಸ್‌ನಲ್ಲಿ ಬರುವುದಿಲ್ಲ, ನಿಮ್ಮ ತಲೆಯಲ್ಲಿರುತ್ತದೆ. ಎಸ್‌ಎಂಎಸ್ ಕದ್ದವನ ಕೈಗೆ ಅದು ಸಿಗುವುದಿಲ್ಲ. ಹುಟ್ಟಿದ ದಿನಾಂಕವನ್ನು ಪಿನ್ ಮಾಡುವವರಿಗೆ ನಾನೇನೂ ಹೇಳಲಾರೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಐಫೋನ್, ನಮಗೇನೂ ಆಗಲ್ಲ ಅಲ್ವಾ ಸರ್?

ಉತ್ತರ: .apk ಅದರಲ್ಲಿ ಓಡುವುದಿಲ್ಲ, ನಿಜ. ಕೋಡನ್ನು ನೀವೇ ಬಾಯಿಬಿಟ್ಟು ಹೇಳಿದರೆ ಐಫೋನ್ ಏನು ಮಾಡೀತು?

ಪ್ರಶ್ನೆ: ಗ್ರೂಪಿನಲ್ಲಿ ಯಾರೋ ಏನೋ ಹಾಕಿದರೆ ಅಡ್ಮಿನ್ ಟೀಚರ್ ಮೇಲೆ ಕೇಸ್ ಆಗುತ್ತಂತೆ?

ಉತ್ತರ: ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಮಾಡಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ನೋಡಿದ ಮೇಲೂ ಅಳಿಸದೆ ಕೂರಬೇಡಿ.

ಪ್ರಶ್ನೆ: ಎರಡು ಸಾವಿರ ಕೊಟ್ಟರೆ ಹ್ಯಾಕ್ ಆದ ವಾಟ್ಸಾಪ್ ವಾಪಸ್ ತರುವ ‘ಎಥಿಕಲ್ ಹ್ಯಾಕರ್’ ಒಬ್ಬರಿದ್ದಾರೆ, ಕೊಡಬಹುದಾ?

ಉತ್ತರ: ಅವನೂ ನಿಮ್ಮಿಂದ ಕೇಳುವುದು ಅದೇ ಆರು ಅಂಕಿಯ ಕೋಡ್. ನಂಬರ್ ಬ್ಲಾಕ್ ಮಾಡಿ.