ಒಂದು ಫೈಲ್ ಮಾಡಿದ ವ್ಯತ್ಯಾಸ

*ಸಂಪಾದಕರೇ, ಚೆಸ್ ಟೂರ್ನಿಯೊಂದರಲ್ಲಿ ನಾನೂ ನನ್ನ ಸ್ನೇಹಿತನೂ ಹೆಚ್ಚುಕಡಿಮೆ ಒಂದೇ ರೀತಿಯ ಆನೆ ಎಂಡ್‌ಗೇಮ್ ಆಡಿದೆವು. ಇಬ್ಬರದೂ ಕಪ್ಪು, ನಡೆಯೂ ನಮ್ಮದೇ. ಬಿಳಿಯ ರಾಜ ಸಿ4, ಕಾಲಾಳು ಡಿ4. ನಮ್ಮ ಆನೆ ಡಿ8. ಅವನ ಆಟದಲ್ಲಿ ಬಿಳಿಯ ಆನೆ ಇ1, ಅವನ ರಾಜ ಎಫ್6. ನನ್ನದರಲ್ಲಿ ಬಿಳಿಯ ಆನೆ ಎಫ್1, ನನ್ನ ರಾಜ ಜಿ6. ಅವನಿಗೆ ಡ್ರಾ, ನನಗೆ ಸೋಲು. ‘ಆನೆ ಎಂಡ್‌ಗೇಮ್ ಎಲ್ಲವೂ ಡ್ರಾ’ ಎಂದು ನಂಬಿಕೊಂಡಿದ್ದೆ. ನಾನು ಎಲ್ಲಿ ತಪ್ಪಿದೆ? — ಓದುಗ*

ಮಾನ್ಯರೇ,

ನೀವು ಕಳಿಸಿದ ಸ್ಥಾನದಿಂದ ಮುಂದಕ್ಕೆ ನೀವು ಎಲ್ಲೂ ತಪ್ಪಲಿಲ್ಲ. ಆ ಸ್ಥಾನವೇ ಸೋತ ಸ್ಥಾನ. ಸ್ನೇಹಿತರದು ನಿಜವಾಗಿಯೂ ಡ್ರಾ. ಅವರು ನಿಮಗಿಂತ ಚೆನ್ನಾಗಿ ಆಡಿದರು ಎಂದೇನಲ್ಲ, ಅವರ ರಾಜ ಕಾಲಾಳಿಗೆ ಒಂದು ಫೈಲ್, ಅಂದರೆ ಬೋರ್ಡಿನ ಒಂದು ಉದ್ದಸಾಲು, ಹತ್ತಿರವಿದ್ದ, ಅಷ್ಟೇ. ‘ಎಲ್ಲವೂ ಡ್ರಾ’ ಎಂಬುದು ಚೆಸ್ ಆಟಗಾರರ ಹಳೆಯ ಚಟಾಕಿ. ಅದನ್ನು ನಂಬಿ ಆಡುವವರಿಗಿಂತ, ಅದನ್ನು ಎದುರಾಳಿಗೆ ಹೇಳಿ ಡ್ರಾ ಕೇಳುವವರಿಗೇ ಅದರಿಂದ ಲಾಭ ಹೆಚ್ಚು.

ಮೊದಲು ಬಿಳಿಯ ಆನೆ ಏನು ಮಾಡುತ್ತಿದೆ ಎಂದು ನೋಡಿ. ಇ1 ಅಥವಾ ಎಫ್1ರಲ್ಲಿ ಸುಮ್ಮನೆ ನಿಂತಂತೆ ಕಾಣುತ್ತದೆ. ಆದರೆ ಆ ಫೈಲಿನ ಉಳಿದ ಏಳೂ ಮನೆಗಳನ್ನು ಅದು ಕಾಯುತ್ತಿದೆ, ನಿಮ್ಮ ರಾಜ ಆ ಗೆರೆ ದಾಟುವಂತಿಲ್ಲ. ಕಪ್ಪು ರಾಜ ಕಾಲಾಳಿನ ಎದುರಿಗೆ ಬಂದು ನಿಂತರೆ ಈ ಎಂಡ್‌ಗೇಮ್ ಸಾಮಾನ್ಯವಾಗಿ ಡ್ರಾ. ಆದ್ದರಿಂದ ಬಿಳಿಯ ಮೊದಲ ಕೆಲಸ ಕಾಲಾಳನ್ನು ತಳ್ಳುವುದಲ್ಲ, ರಾಜನನ್ನು ಆಚೆಯೇ ಇಟ್ಟುಕೊಳ್ಳುವುದು. ಸ್ನೇಹಿತರ ರಾಜನಿಗೂ ಕಾಲಾಳಿಗೂ ನಡುವೆ ತಡೆಯಾಗಿದ್ದದ್ದು ಇ ಫೈಲ್ ಮಾತ್ರ. ನಿಮ್ಮ ರಾಜನಿಗೆ ಇ, ಎಫ್ ಎರಡೂ.

ಇನ್ನು ನಿಮ್ಮ ಆನೆ. ಅದು ಡಿ8ರಲ್ಲಿದ್ದದ್ದು ಸರಿಯೇ. ಬಹಳ ಜನ ಇದನ್ನು ನಿಷ್ಕ್ರಿಯ ಜಾಗ ಎಂದುಕೊಳ್ಳುತ್ತಾರೆ, ಏಕೆಂದರೆ ಆನೆ ಕಾಲಾಳಿನ ಹಿಂದೆ ಇರಬೇಕು ಎಂದು ಕೇಳಿರುತ್ತಾರೆ. ಇಲ್ಲಿ ಅದರ ಶಕ್ತಿ ಇರುವುದು ದೂರದಲ್ಲಿ. ಡಿ8ಕ್ಕೂ ಡಿ4ಕ್ಕೂ ನಡುವೆ ಡಿ5, ಡಿ6, ಡಿ7 ಎಂಬ ಮೂರು ಖಾಲಿ ಮನೆಗಳಿವೆ. ಬಿಳಿಯ ರಾಜ ಕಾಲಾಳನ್ನು ಮುನ್ನಡೆಸಲು ಹೊರಟಾಗಲೆಲ್ಲ ಆನೆ ಎದುರಿನಿಂದ ಚೆಕ್ ಕೊಡುತ್ತದೆ. ಆ ಮೂರು ಮನೆಗಳನ್ನು ಅವನು ಒಂದೇ ನಡೆಯಲ್ಲಿ ದಾಟಿ ಬಂದು ಆನೆಯನ್ನು ಮುಟ್ಟಲಾರ. ಪಕ್ಕದಿಂದ ಚೆಕ್ ಕೊಡುವ ದಾರಿ ನಿಮಗಿರಲಿಲ್ಲ. ನಿಮ್ಮ ರಾಜ ಬಲಗಡೆ ಇದ್ದುದರಿಂದ ಆನೆಗೆ ಉಳಿದದ್ದು ಎಡಗಡೆ. ಎ ಫೈಲಿನಿಂದ ಡಿ ಫೈಲಿಗೆ ನಡುವೆ ಬಿ, ಸಿ ಎರಡೇ ಫೈಲ್. ಅಷ್ಟು ದೂರ ಸಾಲದು, ರಾಜ ಚೆಕ್ ತಪ್ಪಿಸಿಕೊಳ್ಳುತ್ತಲೇ ಆನೆಯ ಪಕ್ಕಕ್ಕೆ ಬಂದುಬಿಡುತ್ತಾನೆ. ಎಡ ಬಲ ಎರಡೂ ನಿಮ್ಮ ಕೈಯಲ್ಲಿರುವಾಗ ರಾಜನನ್ನು ಕಾಲಾಳಿನ ಚಿಕ್ಕ ಬದಿಗೆ ಓಡಿಸಿ, ದೊಡ್ಡ ಬದಿಯನ್ನು ಆನೆಗೆ ಬಿಡಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಸ್ನೇಹಿತರ ಆಟವನ್ನು ಬೋರ್ಡಿನ ಮೇಲೆ ಇಟ್ಟು ನೋಡಿ. ಆನೆ ಸಿ8ಕ್ಕೆ ಬಂದು ಚೆಕ್, ರಾಜ ಬಿ5ಕ್ಕೆ. ಆನೆ ಮತ್ತೆ ಡಿ8ಕ್ಕೆ. ಬಿಳಿಯ ರಾಜ ಕಾಲಾಳಿನ ಪಕ್ಕದಿಂದ ಸರಿದಿರುವುದರಿಂದ ಡಿ4 ಅಪಾಯದಲ್ಲಿದೆ. ರಾಜ ಸಿ5ಕ್ಕೆ ಬಂದು ಕಾಯುತ್ತಾನೆ, ಆನೆ ಸಿ8ರಿಂದ ಮತ್ತೆ ಚೆಕ್. ರಾಜ ಡಿ6ಕ್ಕೆ ಹೋದರೆ ಡಿ8ರಿಂದ ಇನ್ನೊಂದು ಚೆಕ್, ಅವನು ಸಿ5ಕ್ಕೆ ಮರಳದಿದ್ದರೆ ಕಾಲಾಳು ಹೋಯಿತು. ಬಿ6ಕ್ಕೆ ಹೋದರೆ ಆನೆ ಡಿ8ಕ್ಕೆ. ಹೀಗೆ ಬಿಳಿಗೆ ಕಾಲಾಳನ್ನು ಡಿ5ಕ್ಕೆ ತಳ್ಳಲು ಒಂದು ನಡೆಯೂ ಬಿಡುವು ಸಿಗುವುದಿಲ್ಲ. ರಾಜ ಕಾಲಾಳನ್ನು ಕಾಯುವ ಮನೆಗೆ ಬಂದ ಕ್ಷಣವೇ ಚೆಕ್ ಬೀಳುತ್ತದೆ, ಚೆಕ್ಕಿನಿಂದ ತಪ್ಪಿಸಿಕೊಂಡ ಕ್ಷಣವೇ ಕಾಲಾಳಿಗೆ ಕಾವಲಿಲ್ಲ.

ನಡೆ ಯಾರದು ಎಂದು ನೀವು ಬರೆದದ್ದು ಒಳ್ಳೆಯದಾಯಿತು. ಅದೇ ಸ್ಥಾನದಲ್ಲಿ ನಡೆ ಬಿಳಿಯದಾಗಿದ್ದರೆ, ಕಾಲಾಳು ತಕ್ಷಣ ಡಿ5ಕ್ಕೆ ಹೋಗುತ್ತಿತ್ತು, ಸ್ನೇಹಿತರೂ ಸೋಲುತ್ತಿದ್ದರು. ಆಗ ನಡುವೆ ಉಳಿಯುವುದು ಎರಡೇ ಮನೆ. ಬಿಳಿಯ ರಾಜ ಸಿ6ಕ್ಕೆ ಏರುತ್ತಾನೆ, ಆನೆ ಸಿ8ರಿಂದ ಚೆಕ್ ಕೊಡುತ್ತದೆ, ರಾಜ ಡಿ7ಕ್ಕೆ ಬಂದು ಆನೆಯನ್ನೇ ಮುಟ್ಟುತ್ತಾನೆ. ಆನೆ ಓಡಬೇಕು, ಅಷ್ಟರಲ್ಲಿ ಕಾಲಾಳು ಡಿ6. ಕಾಲಾಳು ಡಿ4ರಲ್ಲೇ ಇರುವಾಗ ಇದೇ ರಾಜ ಡಿ6ರವರೆಗೆ ಬಂದರೂ ಡಿ8ರ ಆನೆಯನ್ನು ಮುಟ್ಟಲಾಗಲಿಲ್ಲ, ನೆನಪಿದೆಯಲ್ಲ? ಚೆಕ್ಕಿನ ದೂರ ಎಂದರೆ ಇದೇ.

ಇನ್ನು ಬಿಳಿಯ ಎರಡು ಉಪಾಯಗಳು. ಒಂದು, ರಾಜ ಬಿ5ರಲ್ಲಿರುವಾಗ ಆನೆಯನ್ನು ಇ4ಕ್ಕೆ ತಂದು, ಡಿ4ರ ಕಾವಲನ್ನು ಅದಕ್ಕೆ ಒಪ್ಪಿಸಿ ರಾಜನನ್ನು ಬಿಡುಗಡೆ ಮಾಡುವುದು. ಇ ಫೈಲಿನ ತಡೆಯೂ ಹಾಗೇ ಉಳಿಯುತ್ತದೆ, ನೋಡಲು ಚೆಂದ. ಆದರೆ ಎಫ್6ರ ರಾಜ ಎಫ್5ಕ್ಕೆ ಬಂದು ಆ ಆನೆಯ ಮೇಲೇ ಬೀಳುತ್ತಾನೆ. ಅದು ಇ ಫೈಲಿನಲ್ಲೇ ಮೇಲೆ ಕೆಳಗೆ ಸರಿದರೆ ಡಿ4 ಹೋಗುತ್ತದೆ. ನಾಲ್ಕನೆಯ ಅಡ್ಡಸಾಲಿನಲ್ಲೇ ಎಚ್4ಕ್ಕೆ ಓಡಿದರೆ ತಡೆ ಬಿಟ್ಟಿತು, ರಾಜ ಇ6ಕ್ಕೆ ಬಂದ. ಅಂದರೆ ರಾಜ ಬರೀ ತಡೆಯ ಆಚೆ ಕುಳಿತಿರಲಿಲ್ಲ, ಅವನೂ ಕೆಲಸದಲ್ಲಿದ್ದ. ಅವನು ಮಧ್ಯದ ಸಾಲುಗಳಲ್ಲಿ, ಎಫ್5 ಅಥವಾ ಎಫ್6ರಲ್ಲಿ ಇರಬೇಕಾದ ಕಾರಣ ಇದು.

ಎರಡನೆಯ ಉಪಾಯದಲ್ಲೇ ನಿಮ್ಮ ಆಟದ ಗುಟ್ಟು ಇರುವುದು. ಬಿಳಿಯ ರಾಜ ಬಿ6ರಲ್ಲಿ, ನಿಮ್ಮ ಆನೆ ಡಿ8ರಲ್ಲಿ ಇರುವಾಗ ಬಿಳಿ ತಡೆಯನ್ನೇ ಕೈಬಿಟ್ಟು ಆನೆಯನ್ನು ಡಿ1ಕ್ಕೆ, ಕಾಲಾಳಿನ ಹಿಂದಕ್ಕೆ ತರುತ್ತದೆ. ಕಪ್ಪು ರಾಜನಿಗೆ ಈಗ ಒಂದು ನಡೆ ಸಿಕ್ಕಿತು. ಆ ಒಂದು ನಡೆಯಲ್ಲಿ ಅವನು ಎಲ್ಲಿಗೆ ತಲುಪುತ್ತಾನೆ ಎಂಬುದೇ ಪ್ರಶ್ನೆ.

ಸ್ನೇಹಿತರ ರಾಜ ಎಫ್6ರಿಂದ ಇ7ಕ್ಕೆ ತಲುಪುತ್ತಾನೆ. ಬಿಳಿಯ ರಾಜ ಸಿ7ಕ್ಕೆ ಬಂದು ಆನೆಯನ್ನು ಮುಟ್ಟಿದರೂ ಭಯವಿಲ್ಲ, ಕಪ್ಪು ರಾಜನ ಕಾವಲು ಇದೆ. ಆನೆ ಡಿ7ಕ್ಕೆ ಸರಿದು ತಿರುಗಿ ಚೆಕ್ ಕೊಡುತ್ತದೆ. ರಾಜ ಸಿ6ಕ್ಕೆ ಬಂದರೆ ಡಿ6ರಿಂದ ಇನ್ನೊಂದು. ಅವನು ಸಿ5ಕ್ಕೆ ಇಳಿದಾಗ ಕಪ್ಪು ರಾಜ ಡಿ7ಕ್ಕೆ ಬಂದು ಕಾಲಾಳಿನ ದಾರಿಗೆ ಅಡ್ಡ ಕೂರುತ್ತಾನೆ. ಡ್ರಾ.

ನಿಮ್ಮ ರಾಜ ಅದೇ ಒಂದು ನಡೆಯಲ್ಲಿ ಜಿ6ರಿಂದ ಎಫ್6ರವರೆಗೆ ಬರಬಲ್ಲ, ಅಷ್ಟೇ. ಬಿಳಿಯ ರಾಜ ಸಿ7ಕ್ಕೆ ಬಂದಾಗ ಡಿ8ರ ಆನೆಗೆ ಕಾವಲಿಲ್ಲ. ಅದು ಡಿ5ಕ್ಕೆ ಇಳಿದು ಕಾಲಾಳಿಗೆ ಅಡ್ಡ ನಿಲ್ಲುತ್ತದೆ. ರಾಜ ಸಿ6ಕ್ಕೆ ಬಂದು ಮತ್ತೆ ಅದನ್ನೇ ಮುಟ್ಟುತ್ತಾನೆ. ಇಲ್ಲಿ ಕಪ್ಪಿಗೆ ಒಂದು ಆಸೆ ಹುಟ್ಟುವುದು ಸಹಜ: ರಾಜನನ್ನು ಇ6ಕ್ಕೆ ತಂದು ಆನೆಯನ್ನು ಕಾಯೋಣ ಎಂದು. ಆಗ ಬಿಳಿಯ ಆನೆ ಇ1ಕ್ಕೆ ಬಂದು ಚೆಕ್ ಕೊಡುತ್ತದೆ, ರಾಜ ಎಫ್ ಫೈಲಿಗೆ ಹೋಗಲೇಬೇಕು, ಡಿ5ರ ಆನೆ ಪುಕ್ಕಟೆಯಾಗಿ ಬಿಳಿಯ ರಾಜನ ಪಾಲು. ಅದಕ್ಕಾಗಿ ಆನೆ ಡಿ8ಕ್ಕೇ ಮರಳಿತು ಎನ್ನಿ. ಕಾಲಾಳು ಡಿ5. ಕಪ್ಪು ರಾಜ ಇ7ಕ್ಕೆ ಬಂದ, ಆದರೆ ಒಂದು ನಡೆ ತಡವಾಗಿ. ಕಾಲಾಳು ಡಿ6ಕ್ಕೆ ಬರುವಾಗಲೇ ಅವನಿಗೆ ಚೆಕ್. ರಾಜ ಇ6ಕ್ಕೆ ಏರಿದರೆ ಬಿಳಿಯ ಆನೆ ಇ1ರಿಂದ ಮತ್ತೊಂದು ಚೆಕ್ ಕೊಟ್ಟು, ಬಿಟ್ಟಿದ್ದ ತಡೆಯನ್ನು ಮತ್ತೆ ಹಾಕುತ್ತದೆ. ಮುಂದೆ ಕಾಲಾಳು ಡಿ7, ಅದರ ಬೆನ್ನಿಗೇ ಬಿಳಿಯ ರಾಜ ಸಿ7. ಡಿ8ರ ಆನೆಗೆ ನಿಲ್ಲಲೂ ಆಗದು, ಬಿಡಲೂ ಆಗದು.

ತಡೆಯನ್ನು ಬಿಟ್ಟು, ಎದುರಾಳಿಯ ರಾಜ ಹತ್ತಿರ ಬಂದ ಮೇಲೆ ಅದನ್ನೇ ಚೆಕ್ ಸಮೇತ ಮತ್ತೆ ಹಾಕುವ ಈ ವರಸೆಯನ್ನು ನೀವೇ ಬಿಳಿಯ ಕಡೆ ಕುಳಿತು ಒಮ್ಮೆ ಆಡಿ ನೋಡಿ. ಆನೆ ಕೊನೆಯವರೆಗೂ ಒಂದೇ ಫೈಲಿಗೆ ಅಂಟಿಕೊಂಡಿರಬೇಕು ಎಂದುಕೊಂಡವರು ಗೆಲ್ಲುವ ಸ್ಥಾನವನ್ನೂ ಡ್ರಾ ಮಾಡಿಕೊಂಡು ಏಳುತ್ತಾರೆ.

ಆಟದ ಮಧ್ಯೆ ಇಷ್ಟನ್ನೂ ಎಣಿಸುವುದು ಕಷ್ಟ, ಅದಕ್ಕೆ ಒಂದು ಸುಲಭ ಲೆಕ್ಕವಿದೆ. ಕಾಲಾಳು ಎಷ್ಟನೆಯ ಅಡ್ಡಸಾಲಿನಲ್ಲಿದೆ ಎಂಬುದಕ್ಕೆ, ಎದುರಾಳಿ ರಾಜನಿಗೂ ಕಾಲಾಳಿಗೂ ನಡುವೆ ತಡೆಯಾದ ಫೈಲುಗಳ ಸಂಖ್ಯೆಯನ್ನು ಕೂಡಿ. ಮೊತ್ತ 5ಕ್ಕಿಂತ ಹೆಚ್ಚಾದರೆ ಗೆಲುವು, 5 ಅಥವಾ ಕಡಿಮೆಯಾದರೆ ಡ್ರಾ. ಸ್ನೇಹಿತರದು ನಾಲ್ಕಕ್ಕೆ ಒಂದು ಕೂಡಿ 5, ನಿಮ್ಮದು ನಾಲ್ಕಕ್ಕೆ ಎರಡು ಕೂಡಿ 6. ಫ್ರಾನ್ಸಿನ ಆಂದ್ರೆ ಶೆರೋನ್ 1920ರ ದಶಕದಲ್ಲಿ ಇಂಥ ಸ್ಥಾನಗಳನ್ನು ಕೂಲಂಕಷವಾಗಿ ಬಿಡಿಸಿಟ್ಟರು. ಆದರೆ ಈ ಲೆಕ್ಕವನ್ನು ಎಲ್ಲೆಡೆ ಹಚ್ಚಬೇಡಿ. ಸಿ, ಡಿ, ಇ, ಎಫ್ ಕಾಲಾಳುಗಳಿಗೆ ಮಾತ್ರ ಇದು ಹೊಂದುತ್ತದೆ, ಅಂಚಿನ ಕಾಲಾಳುಗಳ ಕಥೆಯೇ ಬೇರೆ. ಬಿಳಿಯ ರಾಜ ಕಾಲಾಳಿನ ಜೊತೆಗಿರಬೇಕು, ಕಪ್ಪು ಆನೆ ಕಾಲಾಳಿನ ಎದುರಿಗೆ ದೂರದಲ್ಲಿರಬೇಕು, ಕಪ್ಪು ರಾಜ ಬೋರ್ಡಿನ ಅಂಚಿಗೆ ತಳ್ಳಲ್ಪಟ್ಟಿರಬಾರದು. ನಡೆ ಯಾರದು ಎಂಬುದು ಫಲವನ್ನು ಹೇಗೆ ತಿರುಗಿಸುತ್ತದೆ ಎಂದು ಮೇಲೆಯೇ ನೋಡಿದಿರಿ.

ಹಾಗಾದರೆ ನೀವು ಸೋತದ್ದು ಎಲ್ಲಿ? ನಿಮ್ಮ ಪತ್ರದಲ್ಲಿಲ್ಲದ, ಇದಕ್ಕಿಂತ ಹಿಂದಿನ ನಡೆಗಳಲ್ಲಿ. ಬಿಳಿಯ ಆನೆ ಎಫ್1ಕ್ಕೆ ಬರುವ ಮೊದಲು ನಿಮ್ಮ ರಾಜ ಎಫ್ ಫೈಲಿನಲ್ಲೋ ಇ ಫೈಲಿನಲ್ಲೋ ಇರಲು ಸಾಧ್ಯವಿತ್ತೇ ಎಂದು ಸ್ಕೋರ್‌ಶೀಟ್ ತೆಗೆದು ನೋಡಿ. ಉಳಿದ ಕಾಲಾಳುಗಳು ಒಂದೊಂದಾಗಿ ಬೋರ್ಡಿನಿಂದ ಇಳಿಯುವ ಹೊತ್ತಿನಲ್ಲಿ, ರಾಜನ ಪಕ್ಕದ ಕಾಲಾಳೊಂದನ್ನು ಉಳಿಸಿಕೊಳ್ಳಲು ಹೋಗಿ ಅವನನ್ನು ಜಿ, ಎಚ್ ಫೈಲುಗಳಲ್ಲಿ ಕಟ್ಟಿಹಾಕಿಕೊಳ್ಳುವುದು ಇಂಥ ಸೋಲಿಗೆ ಸಾಮಾನ್ಯ ದಾರಿ. ಆ ಕಾಲಾಳನ್ನು ಕೊಟ್ಟಾದರೂ ರಾಜನನ್ನು ಒಂದು ಫೈಲ್ ಒಳಗೆ ತಂದಿದ್ದರೆ ನಿಮ್ಮದೂ 5 ಆಗುತ್ತಿತ್ತೋ ಏನೋ. ಈ ಸ್ಥಾನಕ್ಕಿಂತ ಹಿಂದಿನ ಇಪ್ಪತ್ತು ನಡೆಗಳನ್ನು ಬರೆದು ಕಳಿಸಿ, ನೋಡೋಣ.

— ಸಂಪಾದಕ